ಇನ್ಸುಲಿನ್ ಒಂದೇ ಜಾಗಕ್ಕೆ ಚುಚ್ಚಿಕೊಂಡರೆ ನೋವು ಕಡಿಮೆಯೇ? ಹೌದು, ಆದರೆ ಕಾರಣ ಬೇರೆ

“ರೂಢಿಯಾದ ಜಾಗಕ್ಕೇ ಇನ್ಸುಲಿನ್ ಚುಚ್ಚಿಕೊಳ್ಳಿ, ನೋವಾಗುವುದಿಲ್ಲ” ಎಂಬ ಸಲಹೆಯನ್ನು ನೀವೂ ಕೇಳಿರಬಹುದು. ಇದು ಅರ್ಧ ಸತ್ಯ. ನೋವು ಕಡಿಮೆಯಾಗುವುದು ನಿಜ, ಆದರೆ ಅದು ಆ ಜಾಗದಲ್ಲಿ ಚರ್ಮದಡಿ ಕೊಬ್ಬು ಬೆಳೆದು ಗಂಟಾಗುತ್ತಿರುವುದರ ಲಕ್ಷಣವಿರಬಹುದು. ವೈದ್ಯರು ಇದನ್ನು ಲಿಪೊಹೈಪರ್ಟ್ರೋಫಿ ಎನ್ನುತ್ತಾರೆ.

ಇನ್ಸುಲಿನ್ ರಕ್ತದ ಸಕ್ಕರೆ ಇಳಿಸುವುದಷ್ಟೇ ಅಲ್ಲ, ಕೊಬ್ಬು ಬೆಳೆಯಲೂ ನೆರವಾಗುತ್ತದೆ. ಪದೇ ಪದೇ ಅಲ್ಲೇ ಚುಚ್ಚಿದಾಗ, ಅದರಲ್ಲೂ ಒಂದೇ ಸೂಜಿಯನ್ನು ಹಲವು ಸಲ ಬಳಸಿದಾಗ, ಗಂಟು ಬೇಗ ಬೆಳೆಯುತ್ತದೆ. ಗಂಟಿನೊಳಗೆ ಹೋದ ಇನ್ಸುಲಿನ್ ಒಂದು ದಿನ ನಿಧಾನವಾಗಿ, ಇನ್ನೊಂದು ದಿನ ಬೇಗ ರಕ್ತ ಸೇರುತ್ತದೆ. ಊಟ, ಡೋಸ್ ಎರಡೂ ಅಷ್ಟೇ ಇದ್ದರೂ ಶುಗರ್ ಏರುಪೇರಾಗುವುದು ಇದರಿಂದಲೇ. ನಾವು ಇದನ್ನು ಅರಿಯದೆ ಅನ್ನವನ್ನು ದೂರುತ್ತೇವೆ, ಡೋಸ್ ಏರುತ್ತಾ ಹೋಗುತ್ತದೆ.

ಸ್ಪೇನ್‌ನಲ್ಲಿ 430 ಮಂದಿಯ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಂಟು ಇದ್ದವರು ದಿನಕ್ಕೆ ಸರಾಸರಿ 56 ಯೂನಿಟ್, ಇಲ್ಲದವರು 41 ಯೂನಿಟ್ ಇನ್ಸುಲಿನ್ ಬಳಸುತ್ತಿದ್ದರು.

ಗಂಟು ಕಣ್ಣಿಗೆ ಕಾಣಲೇಬೇಕೆಂದಿಲ್ಲ. ಸ್ನಾನ ಮಾಡುವಾಗ ಸೋಪು ಹಚ್ಚಿದ ಬೆರಳುಗಳಿಂದ ಚುಚ್ಚುವ ಜಾಗವನ್ನು ಮೆಲ್ಲಗೆ ಒತ್ತುತ್ತಾ ಸವರಿ. ಸುತ್ತಲಿನ ಚರ್ಮಕ್ಕಿಂತ ದಪ್ಪವಾಗಿ, ರಬ್ಬರಿನಂತೆ ತಗುಲಿದರೆ ಅದೇ ಗಂಟು.

ಜಾಗ ಬದಲಿಸುವುದೆಂದರೆ ಮನಸ್ಸಿಗೆ ಬಂದಲ್ಲಿ ಚುಚ್ಚುವುದಲ್ಲ. ಹೊಟ್ಟೆ, ತೊಡೆಗಳಲ್ಲಿ ಇನ್ಸುಲಿನ್ ಹೀರಿಕೊಳ್ಳುವ ವೇಗ ಬೇರೆ ಬೇರೆ. ಆದ್ದರಿಂದ ಬೆಳಗ್ಗೆ ಹೊಟ್ಟೆ, ರಾತ್ರಿ ತೊಡೆ ಎಂದು ವೈದ್ಯರು ಹೇಳಿದ್ದರೆ ಅದು ಹಾಗೇ ಇರಲಿ, ಆ ಭಾಗದೊಳಗೇ ಜಾಗ ಬದಲಾಗಲಿ. ಬೆಳಗಿನ ಡೋಸನ್ನೇ ನೋಡೋಣ. ಹೊಕ್ಕುಳನ್ನು ನಡುವೆ ಇಟ್ಟುಕೊಂಡು ಹೊಟ್ಟೆಯನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಿ. ಮೊದಲ ವಾರ ಬಲಗಡೆಯ ಮೇಲ್ಭಾಗ. ಸೋಮವಾರ ಚುಚ್ಚಿದ ಜಾಗದಿಂದ ಒಂದು ಬೆರಳಿನ ಅಗಲ ಬಿಟ್ಟು ಮಂಗಳವಾರ, ಅಲ್ಲಿಂದ ಮತ್ತೆ ಒಂದು ಬೆರಳು ಬಿಟ್ಟು ಬುಧವಾರ. ಮುಂದಿನ ವಾರ ಪಕ್ಕದ ಭಾಗ. ಹೀಗೆ ಮೊದಲ ಭಾಗಕ್ಕೆ ಮರಳುವಷ್ಟರಲ್ಲಿ ಅದಕ್ಕೆ ಮೂರು ವಾರ ವಿಶ್ರಾಂತಿ ಸಿಕ್ಕಿರುತ್ತದೆ. ಹೊಕ್ಕುಳಿಗೆ ತೀರಾ ಹತ್ತಿರ ಬೇಡ. ಮರೆವು ಇದ್ದವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬಹುದು.

ಈಗಾಗಲೇ ಗಂಟು ಇದ್ದವರು ಇದನ್ನು ಓದಿ ನಾಳೆಯೇ ಅದೇ ಡೋಸನ್ನು ಹೊಸ ಜಾಗಕ್ಕೆ ಚುಚ್ಚಿಕೊಳ್ಳಬೇಡಿ. ಆರೋಗ್ಯವಾದ ಜಾಗ ಇನ್ಸುಲಿನ್ನನ್ನು ಚೆನ್ನಾಗಿ ಹೀರುವುದರಿಂದ ಶುಗರ್ ಅಪಾಯಕರವಾಗಿ ಇಳಿಯಬಹುದು. ಮೊದಲು ವೈದ್ಯರಿಗೆ ಗಂಟನ್ನು ಮುಟ್ಟಿಸಿ ತೋರಿಸಿ. ಡೋಸ್ ಎಷ್ಟು ಇಳಿಸಬೇಕೆಂದು ಅವರೇ ಹೇಳಬೇಕು. ಬದಲಿಸಿದ ಮೊದಲ ದಿನಗಳಲ್ಲಿ ಶುಗರನ್ನು ಹೆಚ್ಚು ಸಲ ಪರೀಕ್ಷಿಸಿ. ಬೆವರು, ನಡುಕ, ತಲೆಸುತ್ತು ಬಂದರೆ ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿಗೆ ಬೆರೆಸಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಹಳೆಯ ಗಂಟು ಕರಗಲು ತಿಂಗಳುಗಳೇ ಬೇಕಾಗಬಹುದು, ಅಲ್ಲಿಯವರೆಗೆ ಆ ಜಾಗಕ್ಕೆ ಸೂಜಿ ತಾಗಿಸಬೇಡಿ.