ನ್ಯೂಟನ್ನನ ಲೆಕ್ಕವೂ ನೀರಿನ ನಳಿಗೆಯೂ

ಕೆರೆಯ ಆಚೆಯ ದಡದಲ್ಲಿ ಅಗಸನು ಬಟ್ಟೆಯನ್ನು ಕಲ್ಲಿಗೆ ಬಡಿಯುವುದನ್ನು ನಾವೆಲ್ಲರೂ ಕಂಡಿರುವೆವು. ಬಟ್ಟೆಯು ಕಲ್ಲಿಗೆ ತಗುಲಿದುದು ಮೊದಲು ಕಣ್ಣಿಗೆ ಕಾಣುತ್ತದೆ. ಸದ್ದು ಕೊಂಚ ತಡೆದು ಬರುತ್ತದೆ. ಬೆಳಕು ಬರಲು ಹಿಡಿಯುವ ಕಾಲವು ಲೆಕ್ಕಕ್ಕೆ ಬಾರದಷ್ಟು ಅಲ್ಪವಾದುದರಿಂದ, ಈ ತಡವೇ ಶಬ್ದದ ಪ್ರಯಾಣಕಾಲ. ಈ ಪ್ರಯಾಣದ ವೇಗವನ್ನು ಗಣಿತದಿಂದ ಪಡೆಯಲು ಹೊರಟ ನ್ಯೂಟನ್ ಮಹಾಶಯನೇ ಒಮ್ಮೆ ಎಡವಿದನೆಂಬುದು ವಿಜ್ಞಾನದ ಚರಿತ್ರೆಯಲ್ಲಿ ಒಂದು ಸ್ವಾರಸ್ಯವಾದ ಪ್ರಸಂಗ.

ಶಬ್ದವೆಂದರೆ ಗಾಳಿಯಲ್ಲಿ ಸಾಗುವ ಒತ್ತು ಸಡಿಲುಗಳ ಅಲೆ. ಗಾಳಿಯ ಪುಟಿತವು ಹೆಚ್ಚಿದಷ್ಟೂ ಅಲೆಯು ಬೇಗನೆ ಸಾಗುತ್ತದೆ. ಗಾಳಿಯ ಸಾಂದ್ರತೆಯು ಹೆಚ್ಚಿದಷ್ಟೂ ನಿಧಾನವಾಗುತ್ತದೆ. ಪುಟಿತದ ಅಳತೆಗೆ ಗಾಳಿಯ ಒತ್ತಡವನ್ನೇ ಹಿಡಿದು, 1713ರಲ್ಲಿ ಹೊರಬಂದ ‘ಪ್ರಿನ್ಸಿಪಿಯಾ’ದ ಎರಡನೆಯ ಮುದ್ರಣದಲ್ಲಿ ನ್ಯೂಟನ್ನನು ಸೆಕೆಂಡಿಗೆ 979 ಅಡಿ ಎಂಬ ಉತ್ತರವನ್ನು ಕೊಟ್ಟನು. ಆದರೆ ವಿಲಿಯಂ ಡೆರ್‌ಹಾಂ ಎಂಬ ಪಾದ್ರಿಯು ಅದಕ್ಕೆ ಕೆಲವು ವರ್ಷಗಳ ಮುಂಚೆಯೇ ಅಪ್‌ಮಿನ್‌ಸ್ಟರ್ ಗ್ರಾಮದ ಇಗರ್ಜಿಯ ಗೋಪುರವನ್ನೇರಿ, ದೂರದ ಫಿರಂಗಿಯ ಮಿಂಚಿಗೂ ಸದ್ದಿಗೂ ನಡುವಣ ಕಾಲವನ್ನು ಅಳೆದು, 1142 ಅಡಿ ಎಂದು ಕಂಡುಕೊಂಡಿದ್ದನು. ಲೆಕ್ಕಕ್ಕಿಂತ ಅಳತೆಯು ಆರನೆಯ ಒಂದು ಪಾಲು ಹೆಚ್ಚು! ಗಾಳಿಯ ಕಣಗಳ ಗಾತ್ರ, ಅದರಲ್ಲಿ ಬೆರೆತ ಆವಿ ಎಂದು ನ್ಯೂಟನ್ನನು ಕಾರಣಗಳನ್ನು ಹುಡುಕಿ ಅಂತರವನ್ನು ಮುಚ್ಚಲೆಳಸಿದನು. ಆ ತೇಪೆಯು ನಿಲ್ಲಲಿಲ್ಲ.

ನಿಜವಾದ ಕಾರಣವನ್ನು 1816ರಲ್ಲಿ ತೋರಿಸಿದವನು ಫ್ರಾನ್ಸಿನ ಲಾಪ್ಲಾಸ್. ಬೈಸಿಕಲ್ಲಿಗೆ ಗಾಳಿ ಹೊಡೆಯುವಾಗ ಪಂಪು ಬಿಸಿಯಾಗುವುದನ್ನು ನಾವು ಬಲ್ಲೆವು. ಶಬ್ದದ ಅಲೆಯಲ್ಲಿಯೂ ಒತ್ತಿದ ಗಾಳಿಯು ಬಿಸಿಯಾಗುತ್ತದೆ. ಆ ಬಿಸಿಯು ಹರಿದುಹೋಗುವುದಕ್ಕೆ ಮೊದಲೇ ಅಲೆಯು ಮುಂದೆ ಸಾಗಿರುತ್ತದೆ. ಬಿಸಿಯಾದ ಗಾಳಿಯು ಹೆಚ್ಚು ಬಲದಿಂದ ಪುಟಿಯುತ್ತದೆ. ನ್ಯೂಟನ್ನನು ಉಷ್ಣತೆಯು ಬದಲಾಗದೆಂದು ಭಾವಿಸಿದ್ದನು. ಗಾಳಿಯ ಪುಟಿತವು ಅವನು ಎಣಿಸಿದುದರ 1.4ರಷ್ಟಿರುವುದರಿಂದ, ವೇಗವು ಅದರ ವರ್ಗಮೂಲದಷ್ಟು, ಎಂದರೆ 1.18ರಷ್ಟು, ಏರುತ್ತದೆ. ಸೊನ್ನೆ ಡಿಗ್ರಿ ಸೆಂಟಿಗ್ರೇಡಿನಲ್ಲಿ 280 ಮೀಟರಾಗುತ್ತಿದ್ದ ವೇಗವು 331 ಮೀಟರಾಯಿತು. 1822ರ ಜೂನ್ ತಿಂಗಳಿನಲ್ಲಿ ಆರಾಗೋ ಮೊದಲಾದವರು ಪ್ಯಾರಿಸ್ಸಿನ ಬಳಿ ರಾತ್ರಿಯಲ್ಲಿ ಫಿರಂಗಿಗಳನ್ನು ಹಾರಿಸಿ, ಸುಮಾರು 16 ಡಿಗ್ರಿಯಲ್ಲಿ 340.9 ಮೀಟರೆಂದು ಅಳೆದರು. ಈ ಉಷ್ಣತೆಗೆ ಲಾಪ್ಲಾಸನ ಲೆಕ್ಕವೂ ಅಷ್ಟನ್ನೇ ಹೇಳುತ್ತದೆ.

ಉಷ್ಣತೆಯನ್ನು ಏಕೆ ಹೇಳಬೇಕು? ಒತ್ತಡವು ಎರಡರಷ್ಟಾದರೆ ಸಾಂದ್ರತೆಯೂ ಎರಡರಷ್ಟಾಗಿ, ಒಂದನ್ನೊಂದು ಸರಿತೂಗಿಸುತ್ತವೆ, ವೇಗವು ಬದಲಾಗದು. ಆದರೆ ಒತ್ತಡವು ಅಷ್ಟೇ ಇದ್ದು ಗಾಳಿಯು ಕಾದರೆ, ಅದು ಹಿಗ್ಗಿ ಹಗುರವಾಗುತ್ತದೆ. ವೇಗವು ಡಿಗ್ರಿಗೆ ಸುಮಾರು 0.6 ಮೀಟರಿನಂತೆ ಏರುತ್ತದೆ.

ಈ ವ್ಯಾಜ್ಯವನ್ನು ಫಿರಂಗಿಯಿಲ್ಲದೆ ಮೇಜಿನ ಮೇಲೆಯೇ ತೀರ್ಮಾನಿಸಬಹುದು. ನಮ್ಮ ಕಾಲೇಜುಗಳ ಪ್ರಯೋಗಶಾಲೆಯಲ್ಲಿರುವ ಅನುರಣನ ನಳಿಗೆಯು ಮೂರು ಸೆಂಟಿಮೀಟರು ಅಗಲದ ಗಾಜಿನ ಕೊಳವೆ. ಅದರೊಳಗಣ ನೀರನ್ನು ಏರಿಸಿ ಇಳಿಸಬಹುದು. ಸೆಕೆಂಡಿಗೆ 512 ಬಾರಿ ಕಂಪಿಸುವ ಶ್ರುತಿಕವೆಯನ್ನು ರಬ್ಬರಿನ ಮೇಲೆ ತಟ್ಟಿ, ಅಂಚಿಗೆ ತಗಲದಂತೆ ನಳಿಗೆಯ ಬಾಯಿಯ ಮೇಲೆ ಹಿಡಿದು, ನೀರನ್ನು ಮೆಲ್ಲನೆ ಇಳಿಸಬೇಕು. ಒಂದೆಡೆಯಲ್ಲಿ ಕ್ಷೀಣವಾಗಿದ್ದ ಸ್ವರವು ಥಟ್ಟನೆ ತುಂಬಿ ಮೊಳಗುತ್ತದೆ. ಆಗ ಗಾಳಿಯ ಕಂಬವು ಅಲೆಯ ಉದ್ದದ ಕಾಲು ಪಾಲಿನಷ್ಟಿರುತ್ತದೆ. ಇನ್ನೂ ಇಳಿಸಿದರೆ, ಮುಕ್ಕಾಲು ಪಾಲಿನಲ್ಲಿ ಮತ್ತೊಮ್ಮೆ ಮೊಳಗುತ್ತದೆ.

ಕೊಠಡಿಯ ಉಷ್ಣತೆಯು 27 ಡಿಗ್ರಿ ಇರುವಾಗ ಈ ಎರಡು ಉದ್ದಗಳು 16.0 ಮತ್ತು 49.9 ಸೆಂಟಿಮೀಟರೆಂದು ಇಟ್ಟುಕೊಳ್ಳೋಣ. ಮೊದಲನೆಯದೊಂದನ್ನೇ ನಂಬಿ ನಾಲ್ಕರಿಂದ ಗುಣಿಸಿ ಲೆಕ್ಕ ಹಾಕಿದರೆ, ವೇಗವು 328 ಮೀಟರೆಂದು ತಪ್ಪಾಗಿ ಬರುತ್ತದೆ. ಏಕೆಂದರೆ ಕಂಪಿಸುವ ಗಾಳಿಯು ಬಾಯಿಯಲ್ಲಿಯೇ ಮುಗಿಯದೆ, ಅಗಲದ ಹತ್ತರಲ್ಲಿ ಮೂರು ಪಾಲಿನಷ್ಟು ಹೊರಕ್ಕೆ ಚಾಚಿರುತ್ತದೆ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಈ ಚಾಚಿದ ಭಾಗವು ತಾನಾಗಿ ಹೋಗಿ, 33.9 ಸೆಂಟಿಮೀಟರು ಉಳಿಯುತ್ತದೆ. ಇದು ಅಲೆಯ ಅರ್ಧ. ಇದನ್ನು ಇಮ್ಮಡಿಸಿ 512ರಿಂದ ಗುಣಿಸಿದರೆ 347 ಮೀಟರು. ಸೊನ್ನೆ ಡಿಗ್ರಿಗೆ ಇಳಿಸಿದರೆ 331.

ಓದಿಕೆಯಲ್ಲಿ ಒಂದು ಮಿಲಿಮೀಟರು ತಪ್ಪಿದರೆ ವೇಗದಲ್ಲಿ ಒಂದು ಮೀಟರು ತಪ್ಪುತ್ತದೆ. ಆದುದರಿಂದ ನೀರನ್ನು ಇಳಿಸುತ್ತಲೂ ಏರಿಸುತ್ತಲೂ ಮೊಳಗಿನ ಸ್ಥಾನವನ್ನು ಗುರುತಿಸಿ ಸರಾಸರಿಯನ್ನು ತೆಗೆಯಬೇಕು. ಉಷ್ಣಮಾಪಕವನ್ನು ಗೋಡೆಗಲ್ಲ, ನಳಿಗೆಯೊಳಗೆ ತೂಗಬಿಡಬೇಕು. ನ್ಯೂಟನ್ನನ ಎಣಿಕೆಯೇ ಸರಿಯಾಗಿದ್ದಲ್ಲಿ ಎರಡು ಮೊಳಗುಗಳ ನಡುವಣ ಅಂತರವು 28.7 ಸೆಂಟಿಮೀಟರಿರಬೇಕಾಗಿತ್ತು. ಶತಮಾನಕ್ಕೂ ಮಿಕ್ಕು ಬಗೆಹರಿಯದಿದ್ದ ಪ್ರಶ್ನೆಯು ಈ ನಳಿಗೆಯಲ್ಲಿ ಐದು ಸೆಂಟಿಮೀಟರುಗಳ ಅಂತರವಾಗಿ, ಬರಿಯ ಕಿವಿಗೆ ಕೇಳಿಸುತ್ತದೆ.