ಬಂದಾರೇನ್ರಿ: ಒಂದು ಪದ, ಎರಡು ಮರ್ಯಾದೆ

ಬ್ಯಾಡಗಿಯ ಮೆಣಸಿನಕಾಯಿ ಪ್ಯಾಟಿಯಲ್ಲಿ ಸೋಮವಾರ, ಗುರುವಾರ ಬೆಳಿಗ್ಗೆ ದಲಾಲಿ ಅಂಗಡಿಯ ಬಾಗಿಲಲ್ಲಿ ನಿಂತರೆ ಕಿವಿಗೆ ಬೀಳುವ ಮಾತು: “ಸಾವ್ಕಾರ್ರು ಬಂದಾರೇನ್ರಿ?” ಈ ಒಂದು ಕ್ರಿಯಾಪದದಲ್ಲಿ ಮರ್ಯಾದೆ ಎರಡು ಕಡೆ ಕೂತಿದೆ. ನಡುವಿನ ‘ಆರ’ ಅಲ್ಲಿಲ್ಲದ ಸಾವ್ಕಾರರಿಗೆ, ಕೊನೆಯ ‘ರಿ’ ಎದುರಿಗಿರುವ ಗುಮಾಸ್ತರಿಗೆ. ಹಮಾಲಿ ಹುಡುಗನ ಬಗ್ಗೆ ಅದೇ ಗುಮಾಸ್ತರನ್ನು ಕೇಳಿದರೆ ‘ಬಂದಾನೇನ್ರಿ’. ಸಾವ್ಕಾರರ ಬಗ್ಗೆ ಆ ಹುಡುಗನನ್ನೇ ಕೇಳಿದರೆ ‘ಬಂದಾರೇನೋ’. ಒಬ್ಬ ಹುಡುಗನ ಬಗ್ಗೆ ಇನ್ನೊಬ್ಬನನ್ನು ಕೇಳಿದರೆ ‘ಬಂದಾನೇನೋ’.

ನಮ್ಮ ವ್ಯಾಕರಣಗಳು ಈ ಎರಡು ಮರ್ಯಾದೆಗಳಲ್ಲಿ ಮೊದಲನೆಯದನ್ನೇ ಹೆಚ್ಚು ನೋಡಿದವು. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ ಆಖ್ಯಾತ ಪ್ರತ್ಯಯಗಳನ್ನು ಪುರುಷ, ವಚನಗಳ ಪ್ರಕಾರ ಜೋಡಿಸಿತು. ಬಹುವಚನದ ‘ಅರ್’ ಮತ್ತು ‘ಇರ್’ ಅಲ್ಲೇ ಇವೆ. ಒಬ್ಬರನ್ನೇ ಹಲವರಂತೆ ಕರೆದು ಗೌರವಿಸುವ ರೂಢಿಗೆ ಒದಗಿದ್ದು ಇವೇ ಪ್ರತ್ಯಯಗಳು. ಹಳಗನ್ನಡದ ‘ಬನ್ನಿಂ’ ಇಂದಿನ ‘ಬನ್ನಿ’ ಆಯಿತು. 1817ರಲ್ಲಿ ವಿಲಿಯಂ ಕೇರಿ ಅಚ್ಚು ಹಾಕಿಸಿದ ವ್ಯಾಕರಣ ಹೊರಗಿನವರಿಗಾಗಿ ಬರೆದದ್ದು. 1903ರಲ್ಲಿ ಮಂಗಳೂರಿನಿಂದ ಬಂದ ಕಿಟೆಲ್ಲರ ವ್ಯಾಕರಣ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಟ್ಟಿಗೆ ಇಟ್ಟು ತೋರಿಸಿತು. ಆದರೆ ‘ಹೌದ್ರಿ’, ‘ಇಲ್ರಿ’, ‘ಎಷ್ಟ್ರಿ’ ಎನ್ನುವಾಗಿನ ‘ರಿ’ ಕ್ರಿಯಾಪದಕ್ಕಷ್ಟೇ ಅಲ್ಲ, ಯಾವ ಪದಕ್ಕಾದರೂ ಅಂಟಿಕೊಳ್ಳುತ್ತದೆ. ಪುರುಷ, ವಚನಗಳ ಪಟ್ಟಿಯಲ್ಲಿ ಅದಕ್ಕೆ ಮನೆಯೇ ಇಲ್ಲ.

ಆಡುಮಾತಿಗೆ ಬೆಲೆ ಬಂದದ್ದು ಸ್ವಾತಂತ್ರ್ಯದ ನಂತರ. ವಿಲಿಯಂ ಬ್ರೈಟ್ 1958ರಲ್ಲಿ ಮಾತಿನ ಕನ್ನಡವನ್ನೇ ವಿವರಿಸಿದರು. ಆರ್.ಸಿ. ಹಿರೇಮಠರ ಕನ್ನಡದ ರಚನೆ ಕುರಿತ ಪುಸ್ತಕ 1961ರಲ್ಲಿ ಧಾರವಾಡದಿಂದ ಬಂತು. 1969ರಲ್ಲಿ ಮೈಸೂರಿನಲ್ಲಿ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆ ಶುರುವಾಯಿತು. ಒಂದು ವಾಕ್ಯದ ಒಂದೇ ಭಾಗವನ್ನು ಬದಲಿಸುತ್ತ ಬಾಯಿಪಾಠ ಮಾಡಿಸುವ ಅಭ್ಯಾಸಗಳು ಕನ್ನಡ ಕಲಿಕೆಗೆ ಒಗ್ಗಿದ್ದು ಈ ಕಾಲದಲ್ಲಿ. ಒಂದು ಕೊರತೆ ಮಾತ್ರ ಉಳಿಯಿತು: ಕಲಿಕೆಯ ಪುಸ್ತಕಗಳಲ್ಲಿ ಹೆಚ್ಚಾಗಿ ಸಿಗುವುದು ‘ಬನ್ನಿ, ಕೂತ್ಕೊಳ್ಳಿ’. ಹಾವೇರಿಯಲ್ಲಿ ಕೇಳುವುದು ‘ಬರ್ರಿ, ಕುಂದರ್ರಿ’.

ಇಲ್ಲಿಗೆ ಬರುವ ಕಲಿಯುವವರು ಎಡವುವ ಜಾಗವೂ ಒಂದೇ. ಆಂಧ್ರದಿಂದ ಮೆಣಸಿನಕಾಯಿ ತರುವ ರೈತರಿಗೆ ‘ರಿ’ ಕಷ್ಟವಲ್ಲ; ಅವರ ‘ಅವುನಂಡಿ’ ನಮ್ಮ ‘ಹೌದ್ರಿ’ಯೇ. ಆದರೆ ತೆಲುಗಿನಲ್ಲಿ ‘ಮೀರು ವಸ್ತಾರು’, ‘ವಾರು ವಸ್ತಾರು’ ಎರಡಕ್ಕೂ ಕ್ರಿಯಾಪದ ಒಂದೇ. ಹಿಂದಿಯಲ್ಲೂ ‘ಆಪ್ ಆಯೇಂಗೆ’, ‘ವೇ ಆಯೇಂಗೆ’. ಹಾಗಾಗಿ ಇಬ್ಬರ ಬಾಯಲ್ಲೂ “ನೀವು ನಾಳೆ ಬರ್ತಾರೇನ್ರಿ?” ಬರುತ್ತದೆ. ಕೇಳಿದವರು “ಯಾರು?” ಎಂದು ಹಿಂದೆ ತಿರುಗಿ ನೋಡಿದರೆ ತಪ್ಪು ಅಲ್ಲೇ ಆಗಿದೆ ಎಂದು ತಿಳಿಯಬೇಕು. ತಮಿಳರಿಗೆ ಈ ತೊಡಕಿಲ್ಲ. ಅವರಲ್ಲಿ ‘ವರ್ರೀಂಗ’, ‘ವರ್ರಾಂಗ’ ಬೇರೆಬೇರೆಯೇ.

ಆದ್ದರಿಂದ ನನ್ನ ಮಟ್ಟಿಗೆ ಮೊದಲು ರೂಢಿ ಮಾಡಿಸಬೇಕಾದ್ದು ‘ಈರಿ’ ಮತ್ತು ‘ಆರ’ಗಳ ಜೋಡಿ. ರಾಣೇಬೆನ್ನೂರಿನ ಬೀಜದಂಗಡಿಯನ್ನೇ ತೆಗೆದುಕೊಳ್ಳಿ. ಮಾಲೀಕರು ಎದುರಿಗಿದ್ದರೆ “ಯಾವಾಗ ಅಂಗಡಿ ತೆಗೀತೀರಿ?” ಅವರು ಇಲ್ಲದಾಗ ಮಗನಿಗೆ “ಅವರು ಯಾವಾಗ ಬರ್ತಾರ?” ಇದೇ ಎರಡು ವಾಕ್ಯದಲ್ಲಿ ಕೊಡು, ಹೇಳು, ಹೋಗು ಹಾಕಿ: ಕೊಡ್ತೀರಿ–ಕೊಡ್ತಾರ, ಹೇಳ್ತೀರಿ–ಹೇಳ್ತಾರ, ಹೋಗ್ತೀರಿ–ಹೋಗ್ತಾರ. ಇದು ತಡವರಿಸದೆ ಬಂದ ಮೇಲೆ ಆಗಿಹೋದ ಕೆಲಸಕ್ಕೆ ಬರಬೇಕು. ಅಲ್ಲಿ ಒಂದು ತಿರುವಿದೆ: ಬಂದು, ಕೊಟ್ಟು ಎಂಬಂಥವು ‘ಬಂದಾರ, ಕೊಟ್ಟಾರ’ ಆದರೆ, ಮಾಡಿ, ಹೋಗಿ ಎಂಬಂಥವು ‘ಮಾಡ್ಯಾರ, ಹೋಗ್ಯಾರ’ ಆಗುತ್ತವೆ. ಕೊನೆಗೆ ಮೇಲೆ ಹೇಳಿದ ನಾಲ್ಕು ಪ್ರಶ್ನೆಗಳು. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರರನ್ನು, ಜೊತೆಗಿರುವ ಹುಡುಗನನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಕೇಳಿಸಿಕೊಳ್ಳುವವರನ್ನು ಒಮ್ಮೆ, ಸುದ್ದಿಯಲ್ಲಿರುವವರನ್ನು ಒಮ್ಮೆ ಬದಲಿಸಬೇಕು. ಎರಡನ್ನೂ ಒಟ್ಟಿಗೆ ಬದಲಿಸಿದರೆ ನಾಲಿಗೆ ತೊಡರುತ್ತದೆ.

ಸಂಶಯ ಬಂದಾಗ ‘ರಿ’ ಹಚ್ಚಿದರೆ ಕೆಡುಕಿಲ್ಲ. ಆದರೆ ಎಲ್ಲ ಕಡೆ ಅದು ಹೊಂದುವುದೂ ಇಲ್ಲ. ಬಹಳ ಮನೆಗಳಲ್ಲಿ ಅವ್ವನಿಗೆ “ಅವ್ವಾ, ನೀ ಉಂಡಿಯೇನು?” ಎನ್ನುತ್ತೇವೆ. ಅಲ್ಲಿ ಏಕವಚನ ಸಲಿಗೆಯದು. ಅದನ್ನು ಕೇಳಿ ಕಲಿತು ಪಕ್ಕದ ಮನೆಯ ಹಿರಿಯರಿಗೂ ‘ಉಂಡಿಯೇನು’ ಅಂದರೆ ಮಾತ್ರ ಅವರಿಗೆ ನೋವಾಗುತ್ತದೆ.

ಹೊಸಬರು “ನೀವು ಬರ್ತಾರೇನ್ರಿ” ಅಂದಾಗ ದಯವಿಟ್ಟು ಹಿಂದಿಗೆ ಹೊರಳಬೇಡಿ. “ಹೌದ್ರಿ, ನಾ ಬರ್ತೇನಿ. ನೀವೂ ಬರ್ತೀರೇನ್ರಿ?” ಎಂದು ಸರಿಯಾದ ರೂಪವನ್ನು ಅವರ ಕಿವಿಗೆ ತಿರುಗಿ ಹಾಕಿ.