ಹಚ್ಚು

ಹೊತ್ತು ಮುಳುಗುವಾಗ ಕೊಪ್ಪಳ ಸೀಮೆಯ ಮನೆಗಳಲ್ಲಿ ಹಿರಿಯರು ಹೇಳುವ ಮಾತು: ‘ಜಗಲಿಗೆ ದೀಪಾ ಹಚ್ಚವ್ವಾ.’ ಇಲ್ಲಿ ಜಗಲಿ ಎಂದರೆ ಮನೆಯೊಳಗೆ ದೇವರನ್ನಿಟ್ಟ ಕಟ್ಟೆ. ಹಚ್ಚು ಎಂಬ ಮಾತಿಗಂತೂ ಈ ಕಡೆ ಬಿಡುವೇ ಇಲ್ಲ. ಗಂಗಾವತಿಯ ಗದ್ದೆಯಲ್ಲಿ ಸಸಿ ಹಚ್ಚುತ್ತಾರೆ, ಕುಷ್ಟಗಿಯಲ್ಲಿ ಮಗುವನ್ನು ಸಾಲಿಗೆ ಹಚ್ಚುತ್ತಾರೆ, ಯಲಬುರ್ಗಾದಿಂದ ಮಗಳಿಗೆ ಫೋನ್ ಹಚ್ಚುತ್ತಾರೆ. ಒಂದನ್ನು ಇನ್ನೊಂದಕ್ಕೆ ತಾಗಿಸಿ ಕೆಲಸ ಸಾಗುವಂತೆ ಮಾಡುವುದೇ ಹಚ್ಚುವುದು. ಸಂಜೆಯ ದೀಪದಲ್ಲಿ ಹೀಗೆ ಹಚ್ಚುವುದು ಒಂದೇ ಸಲವಲ್ಲ, ನಾಲ್ಕು ಸಲ. ಹೊಸಬರು ಆ ನಾಲ್ಕನ್ನು ನೆನಪಿಟ್ಟರೆ ಕ್ರಮ ತಾನಾಗಿ ಬರುತ್ತದೆ.

ಕಸ ಗುಡಿಸಿ, ಕೈಕಾಲು ಮುಖ ತೊಳೆದು ಜಗಲಿಯ ಮುಂದೆ ಕೂಡಬೇಕು. ಪಣತಿಯಲ್ಲಿ ಉಳಿದ ಕರಕು ಬತ್ತಿ ತೆಗೆದು, ಜಿಡ್ಡು ಒರೆಸಿ, ಎಣ್ಣೆ ಹಾಕಬೇಕು. ಎರಡು ಎಳೆ ಕೂಡಿಸಿ ಹೊಸೆದ ಬತ್ತಿಯನ್ನು ಅದರಲ್ಲಿ ಪೂರ್ತಿ ನೆನೆಸಿ, ತುದಿಗೂ ಬೆರಳಿನಿಂದ ಎಣ್ಣೆ ಹಚ್ಚಬೇಕು. ಇದು ಮೊದಲನೆಯದು, ಹೊಸಬರು ಮರೆಯುವುದೂ ಇದನ್ನೇ. ತುದಿ ಒಣಗಿದ್ದರೆ ಎಣ್ಣೆಯ ಬದಲು ಅರಳೆಯೇ ಉರಿದು ಕರಕಾಗಿ, ದೀಪ ನಿಲ್ಲುವುದಿಲ್ಲ. ತುದಿ ಒಂದು ನೆಲ್ಲಿನ ಕಾಳಿನಷ್ಟು ಹೊರಗಿದ್ದರೆ ಸಾಕು. ಹೆಚ್ಚು ಚಾಚಿದರೆ ಉರಿ ಉದ್ದವಾಗಿ ಹೊಗೆಯಾಡಿ, ಗೋಡೆಗೆ ಮಸಿ ಹತ್ತುತ್ತದೆ. ಕಡಿಮೆಯಾದರೆ ಎಣ್ಣೆಯಲ್ಲಿ ಮುಳುಗಿ ಆರುತ್ತದೆ.

ಎರಡನೆಯದು, ದೀಪಕ್ಕೆ ಅರಿಷಿಣ ಕುಂಕುಮ ಹಚ್ಚುವುದು. ಲಿಂಗಾಯತರ ಮನೆಗಳಲ್ಲಿ ಹಣೆಗೆ ವಿಭೂತಿ ಹಚ್ಚಿಕೊಳ್ಳುವುದೂ ಈಗಲೇ. ಕಾದ ದೀಪಕ್ಕೆ ಬೆರಳು ತಾಗಿಸಲಾಗದು, ಆದ್ದರಿಂದ ಇದು ಉರಿಗಿಂತ ಮೊದಲು.

ಮೂರನೆಯದು ದೀಪ. ಉರಿ ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿರಲಿ, ದಕ್ಷಿಣಕ್ಕೆ ಮಾಡುವುದಿಲ್ಲ. ಉರಿ ಸ್ಥಿರವಾದ ಮೇಲೆ ನಾಲ್ಕನೆಯದು, ಊದಿನಕಡ್ಡಿ.

ಶ್ಲೋಕ ಹೇಳುವುದು ಆಮೇಲೆ, ಎರಡೂ ಕೈ ಬಿಡುವಾದಾಗ. ಮೊದಲು ‘ಶುಭಂ ಕರೋತಿ’. ಅದು ಒಳಿತು, ಆರೋಗ್ಯ, ಸಂಪತ್ತು ಬೇಡುತ್ತದೆ. ವೈರಿ ನಾಶವಾಗಲಿ ಎನ್ನದೆ, ವೈರದ ಬುದ್ಧಿ ನಾಶವಾಗಲಿ ಎನ್ನುತ್ತದೆ. ಹೇಳುವಾಗ ಅಲ್ಲಿ ಅರೆಗಳಿಗೆ ನಿಲ್ಲಿ. ನಂತರ ದೀಪದ ಬೆಳಕನ್ನೇ ಪರಬ್ರಹ್ಮವೆಂದು ನಮಿಸುವ ‘ದೀಪಜ್ಯೋತಿ’. ಶಿವಭಕ್ತರ ಮನೆಯಲ್ಲಿ ಪಂಚಾಕ್ಷರಿಯೊಂದೇ ಸಾಕಾಗುತ್ತದೆ. ಕೊನೆಗೆ ನಮಸ್ಕರಿಸಿ, ಹೊಸ್ತಿಲಿಗೆ, ತುಳಸಿ ಇದ್ದವರು ಅದರ ಕಟ್ಟೆಗೆ, ಇನ್ನೊಂದು ಪಣತಿ ಇಡುತ್ತಾರೆ.

ಹಚ್ಚಿದ್ದನ್ನು ಬಾಯಿಂದ ಊದಿ ಆರಿಸುವ ವಾಡಿಕೆಯಿಲ್ಲ. ‘ದೀಪ ಆರಿತು’ ಎನ್ನುವುದು ಅಶುಭದ ಮಾತಾದ್ದರಿಂದ ‘ಶಾಂತ ಆತು’ ಎನ್ನುತ್ತಾರೆ. ಯಾರಾದರೂ ಮನೆಯಲ್ಲಿರುವ ಹೊತ್ತಿನೊಳಗೆ ತೀರುವಷ್ಟೇ ಎಣ್ಣೆ ಹಾಕಿ. ಶ್ಲೋಕ ಬಾಯಿಪಾಠವಾಗಲು ಕೆಲವು ದಿನ ಹಿಡಿಯಬಹುದು; ಅಲ್ಲಿಯವರೆಗೆ ಕಾಯಬೇಡಿ, ಇಂದೇ ಬತ್ತಿಯ ತುದಿಗೆ ಎಣ್ಣೆ ಹಚ್ಚಿ ಶುರುಮಾಡಿ.